ಹಿಮನದಿಯ ಹರಿವು ಮತ್ತು ಕಣಿವೆ ಕೊರೆತ

ವರ್ಷವರ್ಷವೂ ಬಿದ್ದ ಹಿಮ ಪೂರ್ತಿ ಕರಗದೆ ಉಳಿದು, ಒತ್ತಿ ಗಟ್ಟಿಯಾಗಿ ಮಂಜುಗಡ್ಡೆಯ ರೂಪ ತಾಳಿ, ತನ್ನದೇ ಭಾರದಿಂದ ಇಳಿಜಾರಿನತ್ತ ನಿಧಾನವಾಗಿ ಹರಿಯುವ ರಾಶಿಗೆ ಹಿಮನದಿ ಎಂದು ಹೆಸರು. ಈ ವ್ಯಾಖ್ಯೆಯಲ್ಲಿ ಹರಿವು ಮುಖ್ಯ. ಎಷ್ಟೇ ದೊಡ್ಡದಾದರೂ ನಿಂತಲ್ಲೇ ನಿಂತಿರುವ ಹಿಮರಾಶಿ ಹಿಮನದಿಯಲ್ಲ. ಅದು ಬೆಟ್ಟವನ್ನು ಕೊರೆಯುವುದೂ ಇಲ್ಲ. ಅಂಟಾರ್ಕ್ಟಿಕ ಮತ್ತು ಗ್ರೀನ್‌ಲೆಂಡ್‌ಗಳಲ್ಲಿ ನೆಲವನ್ನೆಲ್ಲ ಮುಚ್ಚಿರುವ ಹಿಮಹೊದಿಕೆಗಳನ್ನು ಬಿಟ್ಟು, ಪರ್ವತದ ಕಣಿವೆಗಳಲ್ಲಿ ಹರಿಯುವ ಹಿಮನದಿಗಳನ್ನು ಮಾತ್ರ ಈ ಲೇಖನ ವಿವರಿಸುತ್ತದೆ. ಮುಖ್ಯ ಉದಾಹರಣೆಯಾಗಿ ಉತ್ತರಾಖಂಡದ ಗಂಗೋತ್ರಿ ಹಿಮನದಿಯನ್ನು ತೆಗೆದುಕೊಳ್ಳಲಾಗಿದೆ. ಸುಮಾರು 30 ಕಿ.ಮೀ. ಉದ್ದದ ಈ ಹಿಮನದಿ ಚೌಖಂಬಾ ಶಿಖರಗಳ ಬುಡದಿಂದ ವಾಯವ್ಯಕ್ಕೆ ಇಳಿದು, ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದ ಗೋಮುಖದಲ್ಲಿ ಕೊನೆಗೊಳ್ಳುತ್ತದೆ. ಭಾಗೀರಥಿ ನದಿ ಹೊರಬರುವುದು ಅಲ್ಲಿಂದ.

ಹಿಮದಿಂದ ಮಂಜುಗಡ್ಡೆ

ಆಗಷ್ಟೇ ಬಿದ್ದ ಹಿಮದಲ್ಲಿ ಮಂಜುಗಡ್ಡೆಗಿಂತ ಗಾಳಿಯೇ ಹೆಚ್ಚು. ಒಂದು ಘನಮೀಟರ್ ಹೊಸ ಹಿಮದ ತೂಕ ಸಾಮಾನ್ಯವಾಗಿ ನೂರು ಕಿಲೋಗ್ರಾಂನ ಆಸುಪಾಸಿನಲ್ಲಿರುತ್ತದೆ. ಮೇಲೆ ಮತ್ತೆ ಮತ್ತೆ ಹಿಮ ಬಿದ್ದಂತೆ ಕೆಳಗಿನ ಹರಳುಗಳ ಮೊನೆಗಳು ಮುರಿದು ಕರಗುತ್ತವೆ, ಹರಳುಗಳು ದುಂಡಾಗುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ಬೇಸಿಗೆಯನ್ನು ದಾಟಿ ಹೀಗೆ ಗಟ್ಟಿಗೊಂಡ ಹರಳುಹರಳಾದ ಹಿಮಕ್ಕೆ ಫಿರ್ನ್ ಎಂದು ಹೆಸರು. ಘನಮೀಟರಿಗೆ ಸುಮಾರು 830 ಕಿಲೋಗ್ರಾಂ ಮುಟ್ಟಿದಾಗ ಹರಳುಗಳ ನಡುವಿನ ಗಾಳಿಯ ದಾರಿಗಳು ಮುಚ್ಚಿಹೋಗುತ್ತವೆ. ಉಳಿದ ಗಾಳಿ ಗುಳ್ಳೆಗಳಾಗಿ ಒಳಗೇ ಸೆರೆಯಾಗುತ್ತದೆ. ಆ ಹಂತದಿಂದ ಮುಂದೆ ಅದು ಫಿರ್ನ್ ಅಲ್ಲ, ಹಿಮನದಿಯ ಮಂಜುಗಡ್ಡೆ. ಬೇಸಿಗೆಯಲ್ಲಿ ಮೇಲ್ಮೈ ಕರಗಿ, ಆ ನೀರು ಒಳಗಿಳಿದು ಮತ್ತೆ ಹೆಪ್ಪುಗಟ್ಟುವ ಪರ್ವತಗಳಲ್ಲಿ ಈ ಬದಲಾವಣೆಗೆ ಕೆಲವು ವರ್ಷಗಳಿಂದ ಕೆಲವು ದಶಕಗಳು ಸಾಕು. ಕರಗುವುದೇ ಇಲ್ಲದ ಅಂಟಾರ್ಕ್ಟಿಕದ ಒಳನಾಡಿನಲ್ಲಿ ಇದೇ ಕೆಲಸ ಸಾವಿರಾರು ವರ್ಷ ಹಿಡಿಯಬಹುದು.

ಸಂಚಯ ಮತ್ತು ಕ್ಷಯ

ಹಿಮನದಿಯ ಮೇಲ್ಭಾಗದಲ್ಲಿ ವರ್ಷಕ್ಕೆ ಕರಗುವುದಕ್ಕಿಂತ ಬೀಳುವುದು ಹೆಚ್ಚು. ಅದು ಸಂಚಯ ವಲಯ. ಕೆಳಭಾಗದಲ್ಲಿ ಬೀಳುವುದಕ್ಕಿಂತ ಕರಗುವುದು ಹೆಚ್ಚು. ಅದು ಕ್ಷಯ ವಲಯ. ಎರಡೂ ಸಮವಾಗುವ ಎತ್ತರಕ್ಕೆ ಸಮತೋಲ ರೇಖೆ ಎನ್ನುತ್ತಾರೆ. ಹರಿವು ಇಲ್ಲದಿದ್ದರೆ ಮೇಲೆ ರಾಶಿ ಏರುತ್ತಲೇ ಹೋಗಬೇಕು, ಕೆಳಗೆ ಬರಿದಾಗುತ್ತಲೇ ಹೋಗಬೇಕು. ಮೇಲಿನ ಹೆಚ್ಚುವರಿಯನ್ನು ಕೆಳಗಿನ ಕೊರತೆಗೆ ಸಾಗಿಸುವ ಕೆಲಸವನ್ನು ಹರಿವು ಮಾಡುತ್ತದೆ. ಹಾಗಾಗಿ ಸಮತೋಲ ರೇಖೆಯ ಆಸುಪಾಸಿನಲ್ಲಿ ಹಾದುಹೋಗುವ ಮಂಜುಗಡ್ಡೆಯ ಪ್ರಮಾಣ ಎಲ್ಲಕ್ಕಿಂತ ಹೆಚ್ಚು.

ಆಲ್ಪ್ಸ್ ಪರ್ವತಗಳಲ್ಲಿ ಸಂಚಯ ಚಳಿಗಾಲದಲ್ಲಿ, ಕ್ಷಯ ಬೇಸಿಗೆಯಲ್ಲಿ. ಮಧ್ಯ ಮತ್ತು ಪೂರ್ವ ಹಿಮಾಲಯದ ಹಲವು ಹಿಮನದಿಗಳಿಗೆ ಮಾತ್ರ ಮುಂಗಾರಿನಲ್ಲಿಯೇ ಹೆಚ್ಚಿನ ಹಿಮ ಸಿಗುತ್ತದೆ. ಮೇಲೆ ಹಿಮ ಬೀಳುವ ತಿಂಗಳುಗಳಲ್ಲಿಯೇ ಕೆಳಗೆ ಕರಗುವಿಕೆ ನಡೆಯುತ್ತಿರುತ್ತದೆ. ಇಂಥ ಕಡೆ ಬೇಸಿಗೆಯ ತಾಪಮಾನ ಸ್ವಲ್ಪ ಏರಿದರೂ ಎರಡು ಬಗೆಯ ನಷ್ಟವಾಗುತ್ತದೆ: ಕರಗುವುದು ಹೆಚ್ಚುತ್ತದೆ, ಹಿಮವಾಗಿ ಬೀಳಬೇಕಿದ್ದದ್ದು ಮಳೆಯಾಗಿ ಬೀಳುತ್ತದೆ.

ಹರಿವು ತಿಳಿದುಬಂದ ಬಗೆ

ಆಲ್ಪ್ಸ್‌ನ ಹಳ್ಳಿಗರಿಗೆ ಹಿಮನದಿ ಚಲಿಸುತ್ತದೆಂದು ಮೊದಲಿನಿಂದ ತಿಳಿದಿತ್ತು. ಅದನ್ನು ಅಳೆಯುವ ಕೆಲಸ ಆರಂಭವಾದದ್ದು 19ನೇ ಶತಮಾನದಲ್ಲಿ. 1827ರಲ್ಲಿ ಸ್ವಿಸ್ ವಿಜ್ಞಾನಿ ಫ್ರಾನ್ಸ್ ಯೋಸೆಫ್ ಹೂಗಿ ಉಂಟೆರಾರ್ ಹಿಮನದಿಯ ಮೇಲೆ ಒಂದು ಗುಡಿಸಲು ಕಟ್ಟಿದ. 1841ರ ಹೊತ್ತಿಗೆ ಅದು ಸುಮಾರು 1,400 ಮೀಟರ್ ಕೆಳಗೆ ಸಾಗಿತ್ತು, ಅಂದರೆ ವರ್ಷಕ್ಕೆ ಸರಾಸರಿ 100 ಮೀಟರ್. ಅದೇ ಹಿಮನದಿಯಲ್ಲಿ ಲೂಯಿ ಅಗಾಸಿ ಅಡ್ಡಸಾಲಿನಲ್ಲಿ ಗೂಟಗಳನ್ನು ನೆಟ್ಟು, ನಡುವಿನ ಗೂಟಗಳು ಅಂಚಿನವುಗಳಿಗಿಂತ ಬೇಗ ಮುಂದೆ ಹೋಗುವುದನ್ನು ತೋರಿಸಿದ. ಮಂಜುಗಡ್ಡೆ ಒಂದೇ ತುಂಡಾಗಿ ಜಾರುತ್ತಿಲ್ಲ, ಒಳಗೊಳಗೇ ಆಕಾರ ಬದಲಿಸಿಕೊಂಡು ಹರಿಯುತ್ತಿದೆ ಎಂಬುದಕ್ಕೆ ಇದು ಸ್ಪಷ್ಟ ಸಾಕ್ಷಿ.

ಸ್ಕಾಟ್‌ಲೆಂಡಿನ ಜೇಮ್ಸ್ ಫೋರ್ಬ್ಸ್ 1842ರಲ್ಲಿ ಮೆರ್ ದ ಗ್ಲಾಸ್ ಹಿಮನದಿಯ ವೇಗವನ್ನು ದಿನದಿನವೂ ಅಳೆದ. 1820ರಲ್ಲಿ ಮೋ ಬ್ಲಾಂ ಶಿಖರದ ಬಳಿ ಮೂವರು ಮಾರ್ಗದರ್ಶಕರು ಹಿಮಬಿರುಕಿಗೆ ಬಿದ್ದು ಸತ್ತಿದ್ದರು. ತನ್ನ ಲೆಕ್ಕದ ಆಧಾರದ ಮೇಲೆ, ಅವರ ಅವಶೇಷಗಳು ಸುಮಾರು 40 ವರ್ಷಕ್ಕೆ ಅಲ್ಲಿನ ಬೊಸೋಂ ಹಿಮನದಿಯ ಕೆಳತುದಿಯಲ್ಲಿ ಹೊರಬರುತ್ತವೆ ಎಂದು ಆತ ಹೇಳಿದ. 1861ರಲ್ಲಿ ಆ ಹಿಮನದಿಯ ಕೆಳಭಾಗದಲ್ಲಿ ಅವು ಸಿಕ್ಕವು.

ಅದೇ ಬೊಸೋಂ ಹಿಮನದಿ ಭಾರತದ ಇತಿಹಾಸದ ಒಂದು ದುರಂತದ ಅವಶೇಷಗಳನ್ನೂ ಹೊತ್ತು ತರುತ್ತಿದೆ. 1966ರ ಜನವರಿ 24ರಂದು ಏರ್ ಇಂಡಿಯಾದ ‘ಕಾಂಚನಜಂಗಾ’ ವಿಮಾನ ಮೋ ಬ್ಲಾಂ ತುದಿಯ ಬಳಿ ಅಪ್ಪಳಿಸಿ 117 ಜನ ಸತ್ತರು. ಅವರಲ್ಲಿ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಹೋಮಿ ಭಾಭಾ ಒಬ್ಬರು. 2012ರಲ್ಲಿ ಆ ವಿಮಾನದಲ್ಲಿದ್ದ ರಾಜತಾಂತ್ರಿಕ ಅಂಚೆಯ ಚೀಲವೊಂದು, 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿಯಿದ್ದ ಭಾರತೀಯ ಪತ್ರಿಕೆಗಳು ಹಿಮನದಿಯ ಕೆಳಭಾಗದಲ್ಲಿ ಹೊರಬಂದವು. ಸಂಚಯ ವಲಯದಲ್ಲಿ ಬಿದ್ದ ವಸ್ತು ಹಿಮದಡಿ ಹೂತುಹೋಗುತ್ತದೆ, ಮಂಜುಗಡ್ಡೆಯ ಜೊತೆ ಒಳಗೇ ಸಾಗುತ್ತದೆ, ಕ್ಷಯ ವಲಯದಲ್ಲಿ ಮೇಲಿನ ಪದರ ಕರಗಿದಾಗ ಮತ್ತೆ ಬೆಳಕಿಗೆ ಬರುತ್ತದೆ. ಹಿಮನದಿಯೊಳಗಿನ ಪ್ರತಿಯೊಂದು ಕಲ್ಲಿನ ದಾರಿಯೂ ಇದೇ.

ಹರಿವಿನ ಎರಡು ಬಗೆಗಳು

ಮೊದಲನೆಯದು ಆಂತರಿಕ ವಿರೂಪ. ಮಂಜುಗಡ್ಡೆಯ ಹರಳುಗಳಲ್ಲಿ ಅಣುಗಳು ಪದರಪದರವಾಗಿ ಜೋಡಿಕೊಂಡಿರುತ್ತವೆ. ಒತ್ತಡ ದೀರ್ಘಕಾಲ ಬಿದ್ದರೆ ಈ ಪದರಗಳು ಒಂದರ ಮೇಲೊಂದು ಸರಿಯುತ್ತವೆ. ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುವ ಮಂಜುಗಡ್ಡೆ, ಮೆಲ್ಲಗೆ ಒತ್ತುತ್ತಲೇ ಇದ್ದರೆ ಬಾಗುತ್ತದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಗ್ಲೆನ್ ಪ್ರಯೋಗಾಲಯದಲ್ಲಿ ಮಂಜುಗಡ್ಡೆಯ ತುಂಡುಗಳ ಮೇಲೆ ಭಾರ ಹೇರಿ, ವಿರೂಪದ ವೇಗ ಒತ್ತಡದ ಸರಿಸುಮಾರು ಮೂರನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂದು ಕಂಡುಕೊಂಡ. ಒತ್ತಡ ಎರಡು ಪಟ್ಟಾದರೆ ವಿರೂಪದ ವೇಗ ಎಂಟು ಪಟ್ಟು. ಇದಕ್ಕೆ ಗ್ಲೆನ್ ನಿಯಮ ಎಂದು ಹೆಸರು.

ಹಿಮನದಿಯ ತಳದಲ್ಲಿ ಬೀಳುವ ಎಳೆತದ ಒತ್ತಡವನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಮಂಜುಗಡ್ಡೆಯ ದಪ್ಪ ಮತ್ತು ಅದರ ಮೇಲ್ಮೈಯ ಇಳಿಜಾರು. ತಳದ ಇಳಿಜಾರಿಗಿಂತ ಮೇಲ್ಮೈಯ ಇಳಿಜಾರು ಮುಖ್ಯ ಎಂಬುದನ್ನು ಗಮನಿಸಬೇಕು. ಮುಂದೆ ಕಣಿವೆಯ ಆಕಾರವನ್ನು ವಿವರಿಸುವಾಗ ಇದು ಮತ್ತೆ ಬರುತ್ತದೆ. ದಪ್ಪ ಹೆಚ್ಚಿದರೆ ಒತ್ತಡ ಹೆಚ್ಚುತ್ತದೆ, ವಿರೂಪಗೊಳ್ಳುವ ಪದರದ ಆಳವೂ ಹೆಚ್ಚುತ್ತದೆ. ಎರಡೂ ಸೇರಿ ಮೇಲ್ಮೈಯ ವೇಗ ದಪ್ಪದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆ. ದಪ್ಪ ಹತ್ತು ಶೇಕಡಾ ಹೆಚ್ಚಿದರೆ ವಿರೂಪದಿಂದ ಬರುವ ವೇಗ ಸುಮಾರು 46 ಶೇಕಡಾ ಹೆಚ್ಚುತ್ತದೆ. ಹಿಮನದಿಗಳು ಯಾಕೆ ಮಿತಿಮೀರಿ ದಪ್ಪವಾಗುವುದಿಲ್ಲ ಎಂಬುದಕ್ಕೆ ಉತ್ತರ ಇದರಲ್ಲಿಯೇ ಇದೆ. ಸ್ವಲ್ಪ ದಪ್ಪವಾಗುತ್ತಲೇ ಅವು ಬೇಗ ಹರಿದು ಆ ಹೆಚ್ಚುವರಿಯನ್ನು ಕೆಳಗೆ ಸಾಗಿಸಿಬಿಡುತ್ತವೆ.

ಮೇಲಿನ ಸುಮಾರು 30 ಮೀಟರ್ ಮಂಜುಗಡ್ಡೆಯ ಮೇಲೆ ಇಷ್ಟು ಭಾರ ಇರುವುದಿಲ್ಲ. ಅದು ಹರಿಯದೆ, ಕೆಳಗಿನ ಹರಿವಿನ ಮೇಲೆ ಸವಾರಿ ಮಾಡುತ್ತಾ, ಎಳೆತ ಬಿದ್ದಲ್ಲಿ ಒಡೆಯುತ್ತದೆ. ಹಿಮಬಿರುಕುಗಳು ಹುಟ್ಟುವುದು ಹೀಗೆ.

ಎರಡನೆಯದು ತಳಜಾರಿಕೆ. ಇಲ್ಲಿ ಇಡೀ ರಾಶಿ ಬಂಡೆಯ ಮೇಲೆ ಜಾರುತ್ತದೆ. ಅದಕ್ಕೆ ತಳದಲ್ಲಿ ನೀರು ಬೇಕು. ಒತ್ತಡ ಹೆಚ್ಚಿದಂತೆ ಮಂಜುಗಡ್ಡೆಯ ಕರಗುಬಿಂದು ತುಸು ಇಳಿಯುತ್ತದೆ. ಸಾವಿರ ಮೀಟರ್ ದಪ್ಪದ ಅಡಿಯಲ್ಲಿಯೂ ಈ ಇಳಿಕೆ ಒಂದು ಡಿಗ್ರಿಗಿಂತ ಕಡಿಮೆಯೇ. ಆದರೆ ಭೂಮಿಯ ಒಳಗಿನ ಶಾಖ, ಉಜ್ಜಾಟದ ಶಾಖ ಮತ್ತು ಮೇಲಿಂದ ಬಿರುಕುಗಳ ಮೂಲಕ ಇಳಿದುಬರುವ ಕರಗಿದ ನೀರು ಇವೆಲ್ಲ ಸೇರಿ ತಳವನ್ನು ಒದ್ದೆಯಾಗಿಡುತ್ತವೆ. ತಳದ ಸಣ್ಣ ಉಬ್ಬೊಂದು ಎದುರಾದಾಗ, ಅದರ ಮೇಲ್ಮಗ್ಗುಲಲ್ಲಿ ಒತ್ತಡ ಹೆಚ್ಚಿ ಮಂಜುಗಡ್ಡೆ ಕರಗುತ್ತದೆ. ಆ ನೀರು ಉಬ್ಬನ್ನು ಬಳಸಿ ಹಿಂದೆ ಹೋಗಿ, ಒತ್ತಡ ಕಡಿಮೆ ಇರುವ ಕೆಳಮಗ್ಗುಲಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ದೊಡ್ಡ ಉಬ್ಬುಗಳನ್ನು ಮಂಜುಗಡ್ಡೆ ವಿರೂಪಗೊಂಡು ಸುತ್ತುವರಿದು ದಾಟುತ್ತದೆ. ಈ ಎರಡು ಕ್ರಮಗಳ ಲೆಕ್ಕವನ್ನು ಯೋಹಾನೆಸ್ ವೀರ್ಟ್‌ಮನ್ 1957ರಲ್ಲಿ ಮುಂದಿಟ್ಟ.

ತಳದ ನೀರಿನ ಒತ್ತಡ ಏರಿದಾಗ ಹಿಮನದಿಯ ಭಾರದ ಒಂದಂಶವನ್ನು ನೀರೇ ಹೊರುತ್ತದೆ, ಜಾರುವಿಕೆ ಜೋರಾಗುತ್ತದೆ. ಕರಗುವ ಋತುವಿನ ಆರಂಭದಲ್ಲಿ ಹಿಮನದಿಗಳು ವೇಗ ಪಡೆಯುವುದು ಇದರಿಂದ. ಬೇಸಿಗೆ ಮುಂದುವರಿದಂತೆ ನೀರು ಅಗಲವಾದ ಸುರಂಗಗಳನ್ನು ಕೊರೆದುಕೊಂಡು ಸಲೀಸಾಗಿ ಹೊರಟುಹೋಗುತ್ತದೆ, ಒತ್ತಡ ಇಳಿಯುತ್ತದೆ, ವೇಗ ತಗ್ಗುತ್ತದೆ. ಕೆಲವು ಹಿಮನದಿಗಳಲ್ಲಿ ಈ ಸುರಂಗಗಳು ಮುಚ್ಚಿಹೋಗಿ ನೀರು ತಳದಲ್ಲಿ ಸಿಕ್ಕಿಕೊಂಡಾಗ ಹಠಾತ್ ಧಾವನೆ ನಡೆಯುತ್ತದೆ. ಅಲಾಸ್ಕಾದ ವೇರಿಯೆಗೇಟೆಡ್ ಹಿಮನದಿ 1982–83ರ ಧಾವನೆಯಲ್ಲಿ ಒಂದು ಹಂತದಲ್ಲಿ ದಿನಕ್ಕೆ 50 ಮೀಟರಿಗೂ ಹೆಚ್ಚು ಸಾಗಿತು.

ತಳ ಬಂಡೆಗೆ ಹೆಪ್ಪುಗಟ್ಟಿ ಅಂಟಿಕೊಂಡಿರುವ ಶೀತ ಹಿಮನದಿಗಳಲ್ಲಿ ತಳಜಾರಿಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅವು ಆಂತರಿಕ ವಿರೂಪದಿಂದ ಮಾತ್ರ ಹರಿಯುತ್ತವೆ. ಕೊರೆತದ ದೃಷ್ಟಿಯಿಂದ ಒದ್ದೆ ತಳ, ಶೀತ ತಳ ಎಂಬ ಈ ವ್ಯತ್ಯಾಸವೇ ಹಿಮನದಿಗಳ ಅತಿ ಮುಖ್ಯ ವಿಂಗಡಣೆ.

ವೇಗದಿಂದ ದಪ್ಪ: ಗಂಗೋತ್ರಿಯ ಲೆಕ್ಕ

ಹಿಮನದಿಯ ಮೇಲ್ಮೈ ಕಣ್ಣಿಗೆ ಕಾಣುತ್ತದೆ, ತಳ ಕಾಣುವುದಿಲ್ಲ. ರಂಧ್ರ ಕೊರೆಯುವುದಾಗಲಿ ರೇಡಾರ್ ಒಯ್ಯುವುದಾಗಲಿ ಎತ್ತರದ ಹಿಮಾಲಯದಲ್ಲಿ ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಂತಾಯತ್, ಕುಲಕರ್ಣಿ ಮತ್ತು ಶ್ರೀನಿವಾಸನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ಲೆನ್ ನಿಯಮವನ್ನು ಹಿಮ್ಮುಖವಾಗಿ ಬಳಸಿ ಗಂಗೋತ್ರಿಯ ದಪ್ಪವನ್ನು ಅಂದಾಜು ಮಾಡಿದರು. ಬೇರೆ ಬೇರೆ ಕಾಲದ ಉಪಗ್ರಹ ಚಿತ್ರಗಳಲ್ಲಿ ಮೇಲ್ಮೈಯ ಗುರುತುಗಳು ಎಷ್ಟು ಸರಿದಿವೆ ಎಂದು ಹೋಲಿಸಿ ವೇಗ ತಿಳಿಯುವುದು ಮೊದಲ ಹೆಜ್ಜೆ. ಎತ್ತರದ ನಕ್ಷೆಯಿಂದ ಇಳಿಜಾರು ತಿಳಿಯುವುದು ಎರಡನೆಯದು. ಇವೆರಡು ಗೊತ್ತಾದರೆ, ಅಷ್ಟು ಇಳಿಜಾರಿನಲ್ಲಿ ಅಷ್ಟು ವೇಗ ಬರಲು ಮಂಜುಗಡ್ಡೆ ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕಬಹುದು.

ಮಾದರಿಗೆ ಒಂದು ಲೆಕ್ಕ. ಮೇಲ್ಮೈ ವೇಗ ವರ್ಷಕ್ಕೆ 50 ಮೀಟರ್, ಇಳಿಜಾರು 3 ಡಿಗ್ರಿ ಎಂದಿಟ್ಟುಕೊಳ್ಳೋಣ. ವೇಗದ ಕಾಲುಭಾಗ ತಳಜಾರಿಕೆಯಿಂದ, ಉಳಿದ ಮುಕ್ಕಾಲು ವಿರೂಪದಿಂದ ಎಂದು ಹಿಡಿದು, ಕಣಿವೆಯ ಪಕ್ಕದ ಗೋಡೆಗಳು ಭಾರದ ಐದನೆಯ ಒಂದಂಶವನ್ನು ಹೊರುತ್ತವೆ ಎಂದು ಸೇರಿಸಿದರೆ ದಪ್ಪ ಸುಮಾರು 350 ಮೀಟರ್ ಬರುತ್ತದೆ. ಆಗ ತಳದ ಎಳೆತದ ಒತ್ತಡ ಸುಮಾರು 1.3 ಲಕ್ಷ ಪಾಸ್ಕಲ್. ಕಣಿವೆ ಹಿಮನದಿಗಳಲ್ಲಿ ಈ ಒತ್ತಡ ಬಹುಪಾಲು ಒಂದು ಲಕ್ಷ ಪಾಸ್ಕಲ್‌ನ ಆಸುಪಾಸಿನಲ್ಲಿಯೇ ಇರುವುದರಿಂದ ಉತ್ತರ ನಂಬುವಂತಿದೆ.

ನಾಲ್ಕನೆಯ ಘಾತ ಇಲ್ಲಿ ಲೆಕ್ಕಿಗನ ನೆರವಿಗೆ ಬರುತ್ತದೆ. ವೇಗದ ಅಳತೆಯಲ್ಲಿ 20 ಶೇಕಡಾ ತಪ್ಪಾದರೂ ದಪ್ಪದಲ್ಲಿ ಆಗುವ ತಪ್ಪು 5 ಶೇಕಡಾ ಮಾತ್ರ. ಇಳಿಜಾರಿನ ತಪ್ಪು ಅಷ್ಟು ಸುಲಭವಾಗಿ ಬಿಡುವುದಿಲ್ಲ: 3 ಡಿಗ್ರಿಯನ್ನು 2.5 ಎಂದು ತೆಗೆದುಕೊಂಡರೆ ದಪ್ಪ ಸುಮಾರು 15 ಶೇಕಡಾ ಹೆಚ್ಚಾಗಿ ಕಾಣುತ್ತದೆ. ತೀರಾ ಸಪಾಟಾದ ಕಡೆ ಈ ವಿಧಾನ ಅಸಂಬದ್ಧ ದಪ್ಪವನ್ನು ಕೊಡುತ್ತದೆ. ಅದಕ್ಕಾಗಿಯೇ ಒಂದೊಂದು ಬಿಂದುವಿನ ಇಳಿಜಾರನ್ನು ಬಿಟ್ಟು, ಎತ್ತರದಲ್ಲಿ ನೂರು ಮೀಟರ್ ಅಂತರದ ಪಟ್ಟಿಗಳ ಸರಾಸರಿಯನ್ನು ಬಳಸುತ್ತಾರೆ.

ಈ ಅಧ್ಯಯನದ ಪ್ರಕಾರ ಗಂಗೋತ್ರಿಯ ದಪ್ಪ ಮೇಲ್ಭಾಗದಲ್ಲಿ ಸುಮಾರು 540 ಮೀಟರ್ ಮುಟ್ಟುತ್ತದೆ, ಕೆಳತುದಿಯಾದ ಮೂತಿಯ ಬಳಿ 50–60 ಮೀಟರಿಗೆ ಇಳಿಯುತ್ತದೆ. ಒಟ್ಟು ಗಾತ್ರ ಸುಮಾರು 23 ಘನ ಕಿಲೋಮೀಟರ್. ಅದರಲ್ಲಿ 4 ಘನ ಕಿಲೋಮೀಟರಿನಷ್ಟು ಹೆಚ್ಚುಕಡಿಮೆ ಇರಬಹುದು. ಮೇಲ್ಮೈ ವೇಗ ಮೇಲ್ಭಾಗದಲ್ಲಿ ವರ್ಷಕ್ಕೆ 14ರಿಂದ 85 ಮೀಟರ್, ಮೂತಿಯ ಬಳಿ 20ರಿಂದ 30 ಮೀಟರ್. ಈ ವೇಗದಲ್ಲಿ ಚೌಖಂಬಾದ ಬುಡದಲ್ಲಿ ಬಿದ್ದ ಹಿಮ ಗೋಮುಖ ತಲುಪಲು ಹಲವು ಶತಮಾನ ಹಿಡಿಯುತ್ತದೆ.

ಬಂಡೆ ಕೊರೆತದ ಕ್ರಮ

ಶುದ್ಧ ಮಂಜುಗಡ್ಡೆ ಬಂಡೆಗಿಂತ ಬಹಳ ಮೆದು. ಗ್ರಾನೈಟಿನ ಮೇಲೆ ಅದು ಗೀರೂ ಎಳೆಯಲಾರದು. ಕೊರೆಯುವುದು ಅದರ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು. ತೇಯುವ ಕಲ್ಲಿನ ಮೇಲೆ ಗಂಧದ ಕೊರಡನ್ನು ಒತ್ತಿ, ನೀರು ಬಿಟ್ಟು ಎಳೆದಾಡುವಾಗ ಏನಾಗುತ್ತದೋ ಅದೇ ಇಲ್ಲಿಯೂ ನಡೆಯುತ್ತದೆ. ಆದರೆ ಇಲ್ಲಿ ತೇಯುವುದೂ ಕಲ್ಲು, ಸವೆಯುವುದೂ ಕಲ್ಲು. ಇದಕ್ಕೆ ಉಜ್ಜುವಿಕೆ ಎನ್ನುತ್ತಾರೆ. ಇದರಿಂದ ಬಂಡೆಯ ಮೇಲೆ ಹರಿವಿನ ದಿಕ್ಕಿನಲ್ಲಿ ಸಮಾನಾಂತರ ಗೀರುಗಳು ಮೂಡುತ್ತವೆ, ಮೇಲ್ಮೈ ನಯವಾಗುತ್ತದೆ, ಹಿಟ್ಟಿನಷ್ಟು ನುಣ್ಣಗಿನ ಕಲ್ಲಿನ ಪುಡಿ ಹುಟ್ಟುತ್ತದೆ. ಗೋಮುಖದಿಂದ ಹೊರಬರುವ ಭಾಗೀರಥಿ ಬೇಸಿಗೆಯಲ್ಲಿ ಬೂದುಬಣ್ಣಕ್ಕೆ ತಿರುಗುವುದು ಈ ಪುಡಿಯಿಂದ.

ಉಜ್ಜುವಿಕೆಗೆ ಕಲ್ಲುಗಳು ಬೇಕು, ಆದರೆ ಮಿತಿಮೀರಿ ಇರಬಾರದು. ತಳದಲ್ಲಿ ಕಲ್ಲುಮಣ್ಣಿನ ದಪ್ಪ ಪದರ ಕೂತರೆ ಅದೇ ಬಂಡೆಗೆ ರಕ್ಷಾಕವಚವಾಗುತ್ತದೆ. ಹಳೆಯ ಪುಡಿಯನ್ನು ತಳದ ನೀರು ತೊಳೆದೊಯ್ಯುತ್ತಿದ್ದರೆ ಮಾತ್ರ ಕೊರೆತ ಮುಂದುವರಿಯುತ್ತದೆ. ಜೆಫ್ರಿ ಬೌಲ್ಟನ್ ಐಸ್‌ಲೆಂಡಿನ ಬ್ರೈದಾಮೆರ್ಕುರ್‌ಯೋಕುಲ್ ಹಿಮನದಿಯ ಅಡಿಯಲ್ಲಿ ಕಲ್ಲಿನ ಫಲಕಗಳನ್ನಿಟ್ಟು ಅಳೆದಾಗ, ಅಮೃತಶಿಲೆ ವರ್ಷಕ್ಕೆ ಸುಮಾರು 3 ಮಿ.ಮೀ., ಬಸಾಲ್ಟ್ ಸುಮಾರು 1 ಮಿ.ಮೀ. ಸವೆದಿದ್ದವು.

ಕೊರೆತದ ಇನ್ನೊಂದು ಕ್ರಮ ಕೀಳುವಿಕೆ. ತಳದ ಬಂಡೆಯಲ್ಲಿ ಮೆಟ್ಟಿಲಿನಂಥ ಇಳಿತ ಇದ್ದಾಗ, ವೇಗವಾಗಿ ಜಾರುವ ಮಂಜುಗಡ್ಡೆ ಅದರ ಹಿಂದೆ ಪೂರ್ತಿ ಕೂರದೆ ಒಂದು ಪೊಟರೆ ಉಳಿಯುತ್ತದೆ. ಪೊಟರೆಯಲ್ಲಿ ನೀರು ತುಂಬಿ ಒತ್ತಡದಲ್ಲಿದ್ದಾಗ ಅದು ಮೇಲಿನ ಭಾರದ ಪಾಲು ಹೊರುತ್ತದೆ. ನೀರಿನ ಒತ್ತಡ ಹಠಾತ್ತನೆ ಇಳಿದರೆ ಆ ಭಾರವೆಲ್ಲ ಮೆಟ್ಟಿಲಿನ ಅಂಚಿನ ಮೇಲೆ ಬೀಳುತ್ತದೆ. ಬಂಡೆಯೊಳಗಿನ ಬಿರುಕುಗಳಲ್ಲಿ ಸೆರೆಯಾದ ನೀರಿನ ಒತ್ತಡ ಮಾತ್ರ ಅಷ್ಟು ಬೇಗ ಇಳಿಯದು. ಹೀಗೆ ಬಿರುಕು ಬೆಳೆಯುತ್ತದೆ, ಸಡಿಲವಾದ ತುಂಡನ್ನು ಮಂಜುಗಡ್ಡೆ ಕಿತ್ತೊಯ್ಯುತ್ತದೆ. ನಾರ್ವೆಯ ಎಂಗಾಬ್ರೆಯೆನ್ ಹಿಮನದಿಯ ಅಡಿಯಲ್ಲಿ, ಸುಮಾರು 200 ಮೀಟರ್ ಮಂಜುಗಡ್ಡೆಯ ಕೆಳಗೆ, ಬಂಡೆಯೊಳಗೆ ಕೊರೆದ ಸುರಂಗಗಳಲ್ಲಿ ಪ್ರಯೋಗಾಲಯವೊಂದಿದೆ. ಅಲ್ಲಿ ಕೃತಕ ಕಲ್ಲಿನ ಮೆಟ್ಟಿಲಿನ ಹಿಂದೆ ನೀರು ಹಾಯಿಸಿ, ನೀರಿನ ಒತ್ತಡದ ಏರಿಳಿತದೊಂದಿಗೆ ಬಿರುಕು ಬೆಳೆಯುವುದನ್ನು ದಾಖಲಿಸಲಾಗಿದೆ. ಕೀಳುವಿಕೆ ಉಜ್ಜುವಿಕೆಗೆ ಕಲ್ಲುಗಳನ್ನು ಒದಗಿಸುತ್ತದೆ. ಬಿರುಕು ಹೆಚ್ಚಿರುವ ಬಂಡೆಯಲ್ಲಿ ಕೀಳುವಿಕೆಯೇ ಹೆಚ್ಚಿನ ಕೊರೆತ ಮಾಡುತ್ತದೆ.

ಎರಡೂ ಕ್ರಮಗಳಿಗೆ ತಳಜಾರಿಕೆ ಬೇಕು. ವೇರಿಯೆಗೇಟೆಡ್ ಹಿಮನದಿಯ ಧಾವನೆಯ ಅವಧಿಯಲ್ಲಿ ಹೊರಬಂದ ಹೂಳನ್ನು ಅಳೆದಾಗ, ಕೊರೆತ ಜಾರುವ ವೇಗಕ್ಕೆ ಅನುಗುಣವಾಗಿತ್ತು, ಸ್ಥೂಲವಾಗಿ ಅದರ ಹತ್ತುಸಾವಿರದ ಒಂದಂಶ. ಇದನ್ನು ಗಂಗೋತ್ರಿಗೆ ಅನ್ವಯಿಸೋಣ. ಮೇಲ್ಮೈ ವೇಗ 40 ಮೀಟರ್, ಅದರ ಕಾಲುಭಾಗ ಜಾರಿಕೆ ಎಂದರೆ ವರ್ಷಕ್ಕೆ 10 ಮೀಟರ್. ಕೊರೆತ ವರ್ಷಕ್ಕೆ ಸುಮಾರು 1 ಮಿ.ಮೀ. ಒಂದು ಲಕ್ಷ ವರ್ಷಕ್ಕೆ 100 ಮೀಟರ್. ಇದು ಅಳತೆಯಲ್ಲ, ಎಷ್ಟರಮಟ್ಟಿನದು ಎಂಬ ಅಂದಾಜು. ಬೇರೆಡೆಯ ಅಳತೆಗಳಲ್ಲಿ ಶೀತ ಹಿಮನದಿಗಳ ಕೊರೆತ ವರ್ಷಕ್ಕೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು, ಅಲಾಸ್ಕಾದ ವೇಗದ ಹಿಮನದಿಗಳದ್ದು 10 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಎಂದು ಕಂಡುಬಂದಿದೆ.

ಕಣಿವೆಯ ರೂಪ

ಈ ಅಂದಾಜಿನಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಿಮಾಲಯದ ಸಾವಿರಾರು ಮೀಟರ್ ಆಳದ ಕಣಿವೆಗಳನ್ನು ಹಿಮನದಿಗಳು ಬರಿನೆಲದಿಂದ ತೋಡಲಿಲ್ಲ. ನದಿಗಳು ಮೊದಲೇ ತೋಡಿದ್ದ ಕಣಿವೆಗಳಿಗೆ ಹಿಮನದಿಗಳು ಇಳಿದು, ಅವುಗಳ ಆಕಾರ ಬದಲಿಸಿದವು.

ನದಿ ಕೊರೆಯುವುದು ತನ್ನ ಪಾತ್ರದ ಕಿರಿದಾದ ಗೆರೆಯಲ್ಲಿ ಮಾತ್ರ. ಮೇಲಿನ ಮಗ್ಗುಲುಗಳು ಕುಸಿದು ಇಳಿಜಾರಾಗುತ್ತವೆ. ಅದರಿಂದ ಅಡ್ಡಸೀಳಿಕೆ ಇಂಗ್ಲಿಷಿನ ‘ವಿ’ ಅಕ್ಷರದಂತೆ. ಹಿಮನದಿ ಕಣಿವೆಯನ್ನು ನೂರಾರು ಮೀಟರ್ ಎತ್ತರದವರೆಗೆ ತುಂಬಿಕೊಂಡು ಮಗ್ಗುಲುಗಳನ್ನೂ ಒಟ್ಟಿಗೇ ಉಜ್ಜುತ್ತದೆ. ಜೊನಾಥನ್ ಹಾರ್ಬರ್ 1988ರಲ್ಲಿ ಪ್ರಕಟಿಸಿದ ಗಣಕ ಮಾದರಿಯ ಪ್ರಕಾರ, ‘ವಿ’ ಆಕಾರದ ಕಣಿವೆಯಲ್ಲಿ ತಳದ ಇಕ್ಕಟ್ಟಾದ ಮೂಲೆಯಲ್ಲಿ ಮಂಜುಗಡ್ಡೆ ಸಿಕ್ಕಿಕೊಂಡಂತಾಗಿ ನಿಧಾನವಾಗಿ ಜಾರುತ್ತದೆ. ಅತಿ ವೇಗದ ಜಾರಿಕೆ ಮಗ್ಗುಲುಗಳ ಮೇಲೆ, ಅವುಗಳ ಮಧ್ಯದ ಎತ್ತರದಲ್ಲಿ ನಡೆಯುತ್ತದೆ. ಹಾಗಾಗಿ ಮೊದಲು ಮಗ್ಗುಲುಗಳು ಅಗಲವಾಗುತ್ತವೆ, ತಳ ಬಿಡಿಸಿಕೊಳ್ಳುತ್ತದೆ, ಆಮೇಲೆ ತಳವೂ ಆಳವಾಗುತ್ತದೆ. ಸುಮಾರು ಒಂದು ಲಕ್ಷ ವರ್ಷಗಳ ಹೊತ್ತಿಗೆ ‘ಯು’ ಆಕಾರ ಮೂಡುತ್ತದೆ.

ಭಾಗೀರಥಿಯ ಕಣಿವೆಯಲ್ಲಿ ಎರಡೂ ಆಕಾರಗಳನ್ನು ನೋಡಬಹುದು. ಕಳೆದ ಹಿಮಯುಗದಲ್ಲಿ ಗಂಗೋತ್ರಿ ಹಿಮನದಿ ಈಗಿನ ಮೂತಿಗಿಂತ ಸುಮಾರು 40 ಕಿ.ಮೀ. ಕೆಳಗೆ, ಝಾಲಾ ಊರಿನವರೆಗೆ ಚಾಚಿತ್ತು. ಗೋಮುಖದಿಂದ ಹರ್ಸಿಲ್ ದಾಟಿ ಝಾಲಾದವರೆಗೆ ಕಣಿವೆ ವಿಶಾಲವಾಗಿದೆ, ಮಗ್ಗುಲುಗಳು ಕಡಿದಾಗಿವೆ. ಝಾಲಾದಿಂದ ಕೆಳಗೆ ಅದು ನದಿ ತೋಡಿದ ಇಕ್ಕಟ್ಟಾದ ಕಮರಿ. ವಿಶಾಲ ಭಾಗದೊಳಗೂ ಗಂಗೋತ್ರಿ ಪಟ್ಟಣದ ಬಳಿ ನೀರು ಬಂಡೆಯಲ್ಲಿ ಕಿರಿದಾದ ಸೀಳು ಕೊರೆದಿದೆ. ಒಂದೇ ಕಣಿವೆಯಲ್ಲಿ ಮಂಜುಗಡ್ಡೆ ಮತ್ತು ನೀರು ಎರಡರ ಕೆಲಸವೂ ಒಂದರೊಳಗೊಂದು ಕೂತಿದೆ.

ಉಪನದಿಯ ಕಣಿವೆಗಳಲ್ಲಿ ಹಿಮನದಿ ತೆಳುವಾಗಿದ್ದು ಕೊರೆತ ಕಡಿಮೆ. ಮುಖ್ಯ ಹಿಮನದಿ ಇರುವಾಗ ಎರಡರ ಮೇಲ್ಮೈಯೂ ಒಂದೇ ಮಟ್ಟದಲ್ಲಿ ಕೂಡಿಕೊಳ್ಳುತ್ತದೆ, ತಳಗಳ ವ್ಯತ್ಯಾಸ ಅಡಗಿರುತ್ತದೆ. ಮಂಜುಗಡ್ಡೆ ಕರಗಿದ ಮೇಲೆ ಉಪಕಣಿವೆಯ ಬಾಯಿ ಮುಖ್ಯ ಕಣಿವೆಯ ಗೋಡೆಯ ಮೇಲೆ ಎತ್ತರದಲ್ಲಿ ಉಳಿದು ಅಲ್ಲಿಂದ ಜಲಪಾತ ಧುಮುಕುತ್ತದೆ. ಇದು ತೂಗು ಕಣಿವೆ. ಕ್ಯಾಲಿಫೋರ್ನಿಯದ ಯೊಸೆಮಿಟಿಯಲ್ಲಿ 188 ಮೀಟರ್ ಎತ್ತರದ ಬ್ರೈಡಲ್‌ವೇಲ್ ಜಲಪಾತ ಇದಕ್ಕೆ ಹೆಸರಾದ ಉದಾಹರಣೆ.

ಹಿಮನದಿಯ ತಲೆಯ ಭಾಗದಲ್ಲಿ ಬೆಟ್ಟದ ಮಗ್ಗುಲು ಆರಾಮಕುರ್ಚಿಯ ಆಕಾರಕ್ಕೆ ಬಗೆದುಹೋಗುತ್ತದೆ, ಅದು ಸರ್ಕ್. ಹಲವು ದಿಕ್ಕಿನಿಂದ ಸರ್ಕ್‌ಗಳು ಒಂದೇ ಬೆಟ್ಟವನ್ನು ಕೊರೆದಾಗ ನಡುವೆ ಮೊನಚಾದ ಶಿಖರ ಉಳಿಯುತ್ತದೆ. ಗಂಗೋತ್ರಿ ಹಿಮನದಿಯ ಪಕ್ಕದಲ್ಲಿ ನಿಂತಿರುವ 6,543 ಮೀಟರ್ ಎತ್ತರದ ಶಿವಲಿಂಗ ಶಿಖರ ಅಂಥದ್ದು.

ನದಿಗೆ ಸಾಧ್ಯವೇ ಇಲ್ಲದ ರೂಪವೊಂದನ್ನು ಹಿಮನದಿ ಮಾಡುತ್ತದೆ: ಕಣಿವೆಯ ತಳದಲ್ಲಿ, ಸುತ್ತಲೂ ಬಂಡೆಯ ಅಂಚಿರುವ ಆಳವಾದ ಬೋಗುಣಿ. ಹರಿವನ್ನು ನಿರ್ಧರಿಸುವುದು ಮೇಲ್ಮೈಯ ಇಳಿಜಾರು ಆದ್ದರಿಂದ, ಮೇಲ್ಮೈ ಇಳಿಮುಖವಾಗಿರುವವರೆಗೆ ಮಂಜುಗಡ್ಡೆ ತಳದ ಏರುದಾರಿಯನ್ನೂ ಹತ್ತಿ ಹೋಗುತ್ತದೆ. ಉಪಹಿಮನದಿಗಳು ಕೂಡುವ ಕಡೆ, ಬಂಡೆ ಮೆದುವಾಗಿರುವ ಕಡೆ ಕೊರೆತ ಹೆಚ್ಚಿ ಬೋಗುಣಿ ಆಳವಾಗುತ್ತದೆ. ಅದಕ್ಕೂ ಒಂದು ಮಿತಿ ಇದೆ. ತಳದ ಏರು ಮೇಲ್ಮೈಯ ಇಳಿಜಾರಿಗಿಂತ ಸ್ಥೂಲವಾಗಿ ಒಂದೂವರೆ ಪಟ್ಟು ಕಡಿದಾದರೆ, ಏರು ಹತ್ತುವ ತಳದ ನೀರು ಹೆಪ್ಪುಗಟ್ಟತೊಡಗುತ್ತದೆ, ಹೂಳನ್ನು ಹೊರಲಾರದೆ ಅಲ್ಲೇ ಬಿಡುತ್ತದೆ. ಹೂಳು ತಳವನ್ನು ಮುಚ್ಚಿ ಕೊರೆತ ನಿಲ್ಲುತ್ತದೆ. ಹಿಮನದಿ ಹಿಂಜರಿದ ಮೇಲೆ ಇಂಥ ಬೋಗುಣಿಯಲ್ಲಿ ಸರೋವರ ನಿಲ್ಲುತ್ತದೆ, ಇಲ್ಲವೇ ಅದು ಹೂಳಿನಿಂದ ತುಂಬುತ್ತದೆ. ಯೊಸೆಮಿಟಿಯ ಸಪಾಟಾದ ಹುಲ್ಲುಗಾವಲಿನ ಅಡಿಯಲ್ಲಿ ನೂರಾರು ಮೀಟರ್ ದಪ್ಪದ ಹೂಳಿದೆ ಎಂದು ಭೂಕಂಪನ ಅಲೆಗಳ ಸಮೀಕ್ಷೆ ತೋರಿಸಿದೆ.

ಹಿಮನದಿಯ ಕೊರೆತವನ್ನು ಗುರುತಿಸುವುದು

‘ಯು’ ಆಕಾರ ಒಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ನದಿಯ ಕಣಿವೆಯಲ್ಲಿ ಭೂಕುಸಿತ ಅಣೆಕಟ್ಟಿನಂತೆ ಅಡ್ಡಬಂದು ಹೂಳು ತುಂಬಿದರೂ ತಳ ಸಪಾಟಾಗಿ ಅದೇ ರೂಪ ಬರುತ್ತದೆ. ಖಚಿತ ಸಾಕ್ಷಿ ಬಂಡೆಯ ಮೇಲಿರುತ್ತದೆ: ಸಮಾನಾಂತರ ಗೀರುಗಳು, ಮೇಲ್ಮಗ್ಗುಲು ನಯವಾಗಿದ್ದು ಕೆಳಮಗ್ಗುಲು ಕಿತ್ತುಹೋದಂತಿರುವ ಬಂಡೆದಿಬ್ಬಗಳು, ಆ ಜಾಗದ್ದಲ್ಲದ ದೊಡ್ಡ ಗುಂಡುಕಲ್ಲುಗಳು, ದೊಡ್ಡದು ಸಣ್ಣದೆಂದು ಬೇರ್ಪಡದೆ ಕಲಸಿಹೋದ ಕಲ್ಲುಮಣ್ಣಿನ ಮೊರೇನ್ ದಿಬ್ಬಗಳು. ನೀರು ಹೊತ್ತು ತಂದ ಕಲ್ಲುಗಳು ದುಂಡಾಗಿರುತ್ತವೆ. ಹಿಮನದಿಯ ತಳದಲ್ಲಿ ತೇಯ್ದ ಕಲ್ಲುಗಳಲ್ಲಿ ಚಪ್ಪಟೆ ಮುಖಗಳೂ ಗೀರುಗಳೂ ಇರುತ್ತವೆ.

ಈ ಗುರುತುಗಳು ಬಹುಕಾಲ ಉಳಿಯುತ್ತವೆ. ಒಡಿಶಾದ ತಾಲ್ಚೇರ್‌ನಲ್ಲಿ ಇಂಥ ಕಲ್ಲುಗಳ ಪದರವನ್ನು ಕಂಡ ಬ್ಲಾನ್‌ಫರ್ಡ್ ಸಹೋದರರು ಮತ್ತು ಥಿಯೊಬಾಲ್ಡ್ 1856ರಲ್ಲಿಯೇ ಅದು ಮಂಜುಗಡ್ಡೆಯ ಕೆಲಸ ಎಂದು ಬರೆದರು. ಸುಮಾರು 30 ಕೋಟಿ ವರ್ಷಗಳ ಹಿಂದೆ ಭಾರತ ದಕ್ಷಿಣ ಧ್ರುವಕ್ಕೆ ಹತ್ತಿರವಿದ್ದಾಗ ಅಲ್ಲಿ ಹಿಮನದಿಗಳಿದ್ದವು ಎಂಬುದು ಈಗ ಒಪ್ಪಿತ ಸಂಗತಿ.

ಈ ಜ್ಞಾನದ ಬಳಕೆ

ಹಿಮನದಿಯ ದಪ್ಪವನ್ನು ಮೇಲ್ಮೈಯ ಎತ್ತರದಿಂದ ಕಳೆದರೆ ತಳದ ನಕ್ಷೆ ಸಿಗುತ್ತದೆ. ಆ ನಕ್ಷೆಯಲ್ಲಿ ಬೋಗುಣಿಗಳು ಎಲ್ಲಿವೆ ಎಂದು ನೋಡಿದರೆ, ಮಂಜುಗಡ್ಡೆ ಹಿಂಜರಿದಾಗ ಸರೋವರಗಳು ಎಲ್ಲಿ ಹುಟ್ಟುತ್ತವೆ ಎಂದು ಮೊದಲೇ ಹೇಳಬಹುದು. ಸಿಕ್ಕಿಮಿನ ದಕ್ಷಿಣ ಲ್ಹೋನಾಕ್ ಸರೋವರ ಹೀಗೆ ಹಿಮನದಿ ಹಿಂಜರಿದ ಜಾಗದಲ್ಲಿ ದಶಕಗಳ ಕಾಲ ಬೆಳೆಯಿತು. 2023ರ ಅಕ್ಟೋಬರ್ 3ರ ರಾತ್ರಿ ಪಕ್ಕದ ಮೊರೇನ್ ದಿಬ್ಬ ಅದರೊಳಕ್ಕೆ ಕುಸಿದು ನೀರು ಉಕ್ಕಿ ಹರಿಯಿತು. ಕೆಳಗಿನ ಚುಂಗ್‌ಥಾಂಗ್‌ನಲ್ಲಿದ್ದ ತೀಸ್ತಾ–3 ಅಣೆಕಟ್ಟು ಕೊಚ್ಚಿಹೋಯಿತು. ಸರೋವರದ ಆಳ, ಅದನ್ನು ತಡೆದಿರುವುದು ಬಂಡೆಯೋ ಮೊರೇನೋ, ಪಕ್ಕದ ಇಳಿಜಾರು ಎಷ್ಟು ಗಟ್ಟಿ ಎಂಬ ಮೂರನ್ನೂ ಒಟ್ಟಿಗೆ ನೋಡದೆ ಅಪಾಯವನ್ನು ಅಂದಾಜಿಸಲಾಗದು. ಕಲ್ಲಿನ ಪುಡಿಯ ಪ್ರಮಾಣ ತಿಳಿಯುವುದು ಜಲವಿದ್ಯುತ್ ಯೋಜನೆಗಳಿಗೆ ಅಗತ್ಯ. ಸ್ಫಟಿಕ ಹೆಚ್ಚಿರುವ ಪುಡಿ ಟರ್ಬೈನಿನ ಎಲೆಗಳನ್ನು ಬೇಗ ಸವೆಸುತ್ತದೆ.

ಇಂದಿನ ಸ್ಥಿತಿ

ಗಂಗೋತ್ರಿಯ ಮೂತಿಯ ನಕ್ಷೆಯನ್ನು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಜೆ. ಬಿ. ಆಡೆನ್ 1935ರಲ್ಲಿ ತಯಾರಿಸಿದ. ಆಗಿನಿಂದ 20ನೇ ಶತಮಾನದ ಕೊನೆಯವರೆಗೆ ಮೂತಿ ವರ್ಷಕ್ಕೆ ಸರಾಸರಿ ಸುಮಾರು 20 ಮೀಟರಿನಂತೆ ಹಿಂದೆ ಸರಿದಿದೆ. ಹಿಂಜರಿತ ಎಂದರೆ ಮಂಜುಗಡ್ಡೆ ಮೇಲಕ್ಕೆ ಹೋಗುತ್ತದೆ ಎಂದಲ್ಲ. ಅದು ಸದಾ ಕೆಳಗೇ ಹರಿಯುತ್ತದೆ. ಮೂತಿಯ ಬಳಿ ವರ್ಷಕ್ಕೆ 20–30 ಮೀಟರ್ ಮಂಜುಗಡ್ಡೆ ಮುಂದೆ ಬರುತ್ತಿದ್ದರೂ ಮೂತಿ 20 ಮೀಟರ್ ಹಿಂದೆ ಸರಿಯಬೇಕಾದರೆ, ವರ್ಷಕ್ಕೆ 40–50 ಮೀಟರ್ ಉದ್ದದಷ್ಟು ಕರಗಿ ಕುಸಿದುಹೋಗಬೇಕು.

ಮೂತಿಯ ಸ್ಥಾನ ಒಂದೇ ಹಿಮನದಿಯ ಆರೋಗ್ಯದ ಅಳತೆಯಾಗದು. ಗಂಗೋತ್ರಿಯ ಕೆಳಭಾಗ ಕಲ್ಲುಮಣ್ಣಿನ ದಪ್ಪ ಹೊದಿಕೆಯಿಂದ ಮುಚ್ಚಿದೆ. ಹೊದಿಕೆ ಬಿಸಿಲನ್ನು ತಡೆಯುವುದರಿಂದ ಮೂತಿ ನಿಧಾನವಾಗಿ ಸರಿಯುತ್ತದೆ, ಆದರೆ ಮೇಲಿನ ಭಾಗ ತೆಳುವಾಗುತ್ತಲೇ ಇರುತ್ತದೆ. ಒಂದು ಕಾಲಕ್ಕೆ ಮುಖ್ಯ ಹಿಮನದಿಯನ್ನು ಕೂಡುತ್ತಿದ್ದ ರಕ್ತವರ್ಣ ಮತ್ತು ಚತುರಂಗಿ ಹಿಮನದಿಗಳು ಈಗ ಅದರಿಂದ ಬೇರ್ಪಟ್ಟಿವೆ. ದಪ್ಪ ಕಡಿಮೆಯಾದರೆ ವೇಗ ನಾಲ್ಕನೆಯ ಘಾತದಲ್ಲಿ ಇಳಿಯುವುದರಿಂದ, ತೆಳುವಾಗುವ ಹಿಮನದಿ ಬಹುಬೇಗ ನಿಧಾನವಾಗುತ್ತದೆ. ಹಿಮಾಲಯ ಮತ್ತು ಅದರ ಸುತ್ತಲ ಎತ್ತರದ ಏಷ್ಯಾದ ಬಹುಪಾಲು ಪ್ರದೇಶಗಳಲ್ಲಿ ಹಿಮನದಿಗಳ ವೇಗ ಈಚಿನ ದಶಕಗಳಲ್ಲಿ ತಗ್ಗಿರುವುದು ಉಪಗ್ರಹ ಚಿತ್ರಗಳಿಂದ ತಿಳಿದುಬಂದಿದೆ. ವೇಗ ತಗ್ಗಿದಲ್ಲಿ ಮೇಲಿನಿಂದ ಬರುವ ಮಂಜುಗಡ್ಡೆಯೂ ಕಡಿಮೆ, ತಳದ ಕೊರೆತವೂ ಕಡಿಮೆ. ಹರಿವು ಪೂರ್ತಿ ನಿಂತ ಕೆಳಭಾಗಗಳು ಕಲ್ಲುಮಣ್ಣಿನಡಿ ಹೂತ ಮಂಜುಗಡ್ಡೆಯ ದಿಮ್ಮಿಗಳಾಗಿ ಉಳಿದು, ಇದ್ದಲ್ಲಿಯೇ ಕರಗುತ್ತವೆ.